ಸೇಡಂ ಬಸ್ಸು

ಸುವರ್ಣಾ ಊಟದ ಪಾತ್ರೆಗಳನ್ನೆಲ್ಲ ತೊಳೆದು ನಳವನ್ನು ಬಿಗಿಯಾಗಿ ತಿರುಗಿಸಿದಳು. ಕಟ್ಟೆಯ ಕೆಳಗೆ ಲಟ್ಟೆಂದು ಸದ್ದಾಯಿತು. ಗೋಡೆಯೊಳಗಿಂದ ಬಂದ ಕಬ್ಬಿಣದ ಪೈಪು ತಿರುವಿನಲ್ಲೇ ತುಂಡಾಗಿ, ನೀರು ನೆಟ್ಟಗೆ ಚಿಮ್ಮಿ ಎದುರಿನ ಗೋಡೆಗೆ ತೂಗುಹಾಕಿದ್ದ ಕಡಕ್ ರೊಟ್ಟಿಯ ಬುಟ್ಟಿಗೆ ಬಡಿಯಿತು.

"ರೀ! ಬೇಗ ಕೆಳಗೆ ಬನ್ನಿ!"

ಮನೆಯ ಉಳಿದ ನಾಲ್ವರೂ ಮಾಳಿಗೆಯ ಮೇಲಿದ್ದರು. ಮೇ ತಿಂಗಳ ಕಲಬುರಗಿಯಲ್ಲಿ ಕೋಣೆಯೊಳಗೆ ಮಲಗುವ ಮಾತೇ ಇಲ್ಲ. ಹಗಲು 42 ಡಿಗ್ರಿ ಕಾದ ಗೋಡೆಗಳು ನಡುರಾತ್ರಿಯವರೆಗೂ ಶಾಖ ಉಗುಳುತ್ತಿರುತ್ತವೆ. ಶಿವಶರಣಪ್ಪ ಹಾಸಿಗೆ ಬಿಡಿಸುತ್ತಿದ್ದ. ಆಯಿ ಬಸುವಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಮೂರನೆಯ ತರಗತಿಯ ಅಂಬಿಕಾ ತನ್ನ ದಿಂಬನ್ನು ತಮ್ಮನ ಕಾಲು ತಾಗದಷ್ಟು ದೂರಕ್ಕೆ ಎಳೆದುಕೊಂಡಿದ್ದಳು. ಸುವರ್ಣಾಳ ಕೂಗಿನ ದನಿ ಕೇಳಿಯೇ ಶಿವಶರಣಪ್ಪ ಎರಡೆರಡು ಮೆಟ್ಟಿಲು ಹಾರುತ್ತ ಇಳಿದ. ಅವನ ಹಿಂದೆ ಅಂಬಿಕಾ, ಅವಳ ಹಿಂದೆ ಬಸು.

ಅಡುಗೆ ಮನೆಯ ಫರಸಿಯ ಮೇಲೆ ಆಗಲೇ ಪಾದ ಮುಳುಗುವಷ್ಟು ನೀರು ನಿಂತಿತ್ತು. ಸುವರ್ಣಾ ಮಂಡಿಯೂರಿ ಎರಡೂ ಅಂಗೈಗಳಿಂದ ಪೈಪಿನ ಬಾಯಿ ಮುಚ್ಚಿ ಹಿಡಿದಿದ್ದಳು. ಬೆರಳ ಸಂದಿಗಳಿಂದ ಸಿಡಿಯುವ ನೀರು ಅವಳ ಮುಖಕ್ಕೆ, ಕೂದಲಿಗೆ, ಸೀರೆಗೆ ಹಾರುತ್ತಿತ್ತು. ಇಡೀ ದಿನ ಬಿಸಿಲು ಕುಡಿದ ಟ್ಯಾಂಕಿನ ನೀರು, ರಾತ್ರಿ ಹತ್ತಾದರೂ ಬಿಸಿ ಆರಿರಲಿಲ್ಲ.

"ಜೋಳ!" ಎಂದಳು ಅವಳು. ಬೇರೇನೂ ಹೇಳಲಿಲ್ಲ.

ಮೂಲೆಯಲ್ಲಿ ಎರಡು ಚೀಲ ಮಾಲದಂಡಿ ಜೋಳ, ಅದರ ಪಕ್ಕಕ್ಕೆ ಅರ್ಧ ಚೀಲ ತೊಗರಿಬೇಳೆ. ಊರಿನ ಹೊಲದಿಂದ ಬಂದ ಪಾಲು. ಮುಂದಿನ ರಾಶಿಯವರೆಗೆ ಮನೆಯ ರೊಟ್ಟಿ ಅದರಿಂದಲೇ ಆಗಬೇಕು. ಒಮ್ಮೆ ನೀರು ಕುಡಿದ ಜೋಳ ಬೂಸ್ಟು ಹಿಡಿಯುತ್ತದೆ, ಇಲ್ಲವೇ ಮೊಳೆಯುತ್ತದೆ. ಶಿವಶರಣಪ್ಪ ಚೀಲಕ್ಕೆ ಕೈಹಾಕಲು ಮುಂದಾದವನು ಗಕ್ಕನೆ ನಿಂತ. ಫ್ರಿಜ್ಜಿನ ಸ್ಟೆಬಿಲೈಸರ್ ನೆಲದ ಮೇಲೆಯೇ ಇತ್ತು, ನೀರು ಅದರ ಬುಡಕ್ಕೆ ಬಂದಿತ್ತು.

"ಸುವರ್ಣಾ, ಕೈ ಬಿಡು. ಹೊರಗೆ ಬಾ. ಮಕ್ಕಳೇ, ಹೊಸ್ತಿಲು ದಾಟಬೇಡಿ!"

ಪಡಸಾಲೆಗೆ ಓಡಿ ಮೇನ್ ಸ್ವಿಚ್ ಎಳೆದ. ಮನೆಯೆಲ್ಲ ಕತ್ತಲಾಯಿತು. ಬಸು ಅಳತೊಡಗಿದ. ಕಣ್ಣಿಗೆ ಏನೂ ಕಾಣದಾದಾಗ ನೀರು ಸುರಿಯುವ ಸದ್ದು ಇಮ್ಮಡಿಯಾಗಿ ಕೇಳಿತು.

ಮೊಬೈಲ್ ಬೆಳಕಿನಲ್ಲಿ ಗಂಡ ಹೆಂಡತಿ ಸೇರಿ ಚೀಲಗಳನ್ನು ಪಡಸಾಲೆಗೆ ಎಳೆದು ಮಂಚದ ಮೇಲೆ ಏರಿಸಿದರು. ಒಂದು ಚೀಲದ ತಳ ಒದ್ದೆಯಾಗಿತ್ತು. ಅಷ್ಟು ಮುಗಿದದ್ದೇ ಶಿವಶರಣಪ್ಪ ಮತ್ತೆ ಮಾಳಿಗೆಗೆ ಓಡಿದ. ಟ್ಯಾಂಕಿನ ಬುಡದಲ್ಲಿ ವಾಲ್ವ್ ಇದೆ ಎಂಬುದು ಅವನಿಗೆ ಗೊತ್ತಿತ್ತು. ಬಾಡಿಗೆಗೆ ಬಂದ ದಿನ ಮನೆಯ ಮಾಲೀಕರು ಬೆರಳು ಮಾಡಿ ತೋರಿಸಿದ್ದರು. ಆದರೆ ಅಂದಿನಿಂದ ಇಂದಿನವರೆಗೆ ಅದನ್ನು ಯಾರೂ ಮುಟ್ಟಿರಲಿಲ್ಲ. ಬಟ್ಟೆ ಸುತ್ತಿ ಮೈಯ ಬಲವನ್ನೆಲ್ಲ ಹಾಕಿ ತಿರುಗಿಸಿದ. ಮೊದಲು ಜಪ್ಪಯ್ಯ ಎನ್ನಲಿಲ್ಲ. ಆಮೇಲೆ ಕಟ್ ಎಂದಿತು, ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು, ಸುತ್ತುತ್ತಲೇ ಹೋಯಿತು. ಒಳಗಿನ ದಂಡವೇ ಮುರಿದಿತ್ತು. ಕೆಳಗೆ ನೀರು ಮೊದಲಿನಂತೆಯೇ ಸುರಿಯುತ್ತಿತ್ತು.

ಆಗ ಅವನಿಗೆ ನಿಜವಾಗಿ ಕೈಕಾಲು ತಣ್ಣಗಾದವು. ನೆಲ ಒದ್ದೆಯಾದರೆ ಒರೆಸಬಹುದು. ಆದರೆ ಓಣಿಗೆ ನಳ ಬಂದು ನಾಲ್ಕು ದಿನವಾಗಿತ್ತು. ಸರಡಗಿಯ ಬಳಿ ಭೀಮೆಯಿಂದ ಎತ್ತಿದ ನೀರು ಬ್ರಹ್ಮಪುರದ ಈ ಸಂದಿಗೆ ಮತ್ತೆ ಯಾವಾಗ ತಲುಪುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಸಂಪಿನ ತಳದ ನೀರನ್ನು ಆ ಸಂಜೆಯೇ ಮೋಟಾರು ಹಚ್ಚಿ ಮೇಲೇರಿಸಿದ್ದ. ಮನೆಯ ಐದು ಜನರಿಗೆ ಕುಡಿಯಲು, ಅಡುಗೆಗೆ, ಮೀಯಲು ಇದ್ದದ್ದೆಲ್ಲ ಆ ಸಾವಿರ ಲೀಟರಿನ ಟ್ಯಾಂಕಿನಲ್ಲಿತ್ತು. ಅದೀಗ ಅಡುಗೆ ಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಗಟಾರಕ್ಕೆ ಹೋಗುತ್ತಿತ್ತು.

ಮಾಳಿಗೆಯ ಗೋಡೆಯಾಚೆ ಕೂಗಿದ. "ಖಾಜಾ ಭಾಯಿ! ಎದ್ದಿದ್ದೀರಾ? ಪೈಪು ಒಡೆದಿದೆ!"

ಪಕ್ಕದ ಮನೆಯ ಖಾಜಾ ಭಾಯಿ ಆಟೋ ಓಡಿಸುತ್ತಾರೆ. ಅವರ ಸೀಟಿನ ಕೆಳಗೆ ಇಲ್ಲದ ಸಾಮಾನಿಲ್ಲ. ಐದೇ ನಿಮಿಷಕ್ಕೆ ಪೈಪ್ ಪಾನಾ, ಸೈಕಲ್ ಟ್ಯೂಬಿನ ತುಂಡು, ಟಾರ್ಚು ಹಿಡಿದು ಬಂದರು. ಅವರ ಹೆಂಡತಿ ಎರಡು ಕೊಡ, ಒಂದು ಪರಾತ ತಂದರು. ಸುವರ್ಣಾ ಮತ್ತು ಅವರು ಧಾರೆಗೆ ಕೊಡ ಒಡ್ಡಿ ತುಂಬಿಸತೊಡಗಿದರು. ಒಂದು ತುಂಬುವಷ್ಟರಲ್ಲಿ ಮತ್ತೊಂದನ್ನು ಇಡಬೇಕು. ಮನೆಯಲ್ಲಿದ್ದ ತಂಬಿಗೆ, ಬೋಗುಣಿ, ಕುಕ್ಕರು, ಕೊನೆಗೆ ಬಸುವಿನ ಸ್ನಾನದ ಟಬ್ಬೂ ತುಂಬಿತು. ಆಯಿ ಅವಸರವಿಲ್ಲದೆ ಮೆಟ್ಟಿಲು ಇಳಿದು ಬಂದು, ಕಟ್ಟಿಗೆಯ ಗೂಟಕ್ಕೆ ಅರಿವೆ ಸುತ್ತಿ ಮಗನ ಕೈಗೆ ಕೊಟ್ಟಳು. ಶಿವಶರಣಪ್ಪ ಅದನ್ನು ಪೈಪಿನ ಬಾಯಿಗೆ ಬಡಿದ. ನೀರು ಗೂಟವನ್ನು ಅವನ ಎದೆಗೇ ಎಸೆಯಿತು. ಟ್ಯೂಬು ಸುತ್ತಿ ಬಿಗಿಯಲು ನೋಡಿದರೆ ಹಿಡಿತಕ್ಕೆ ಸಿಗುವಷ್ಟು ಪೈಪೇ ಗೋಡೆಯ ಹೊರಗೆ ಉಳಿದಿರಲಿಲ್ಲ.

"ನಡುವೆ ಎಲ್ಲಾದರೂ ಇನ್ನೊಂದು ವಾಲ್ವ್ ಇರಲೇಬೇಕು, ಅಣ್ಣ," ಎಂದರು ಖಾಜಾ ಭಾಯಿ. "ಹಳೆಯ ಮನೆ. ಬಚ್ಚಲಿಗೆ ಬೇರೆ, ಅಡುಗೆ ಮನೆಗೆ ಬೇರೆ ಲೈನು ಎಳೆದಿರುತ್ತಾರೆ."

"ನಾನು ಕಂಡಿಲ್ಲ. ಮಾಲೀಕರ ಫೋನು ಹತ್ತುತ್ತಿಲ್ಲ."

ಹೊಸ್ತಿಲ ಆಚೆ ನಿಂತಿದ್ದ ಅಂಬಿಕಾ ಈ ಮಾತು ಕೇಳಿದಳು. ಕೇಳಿದ್ದೇ ಅವಳ ಬಾಯಿ ಒಣಗಿತು.

ಮೆಟ್ಟಿಲಿನ ಕೆಳಗೆ, ಹಳೆಯ ಟ್ರಂಕಿನ ಹಿಂದೆ, ದೊಡ್ಡವರು ನುಗ್ಗಲಾಗದ ಒಂದು ಸಂದಿ ಇತ್ತು. ಅಲ್ಲಿ ಗೋಡೆಗುಂಟ ಒಂದು ಪೈಪು ಇಳಿದಿತ್ತು. ಅದರ ನಡುವೆ, ಎಂಟು ವರ್ಷದ ಹುಡುಗಿ ಕುಳಿತರೆ ಸರಿಯಾಗಿ ಎದೆಯ ಎತ್ತರಕ್ಕೆ, ಕೆಂಪು ಬಣ್ಣ ಉದುರಿದ ಒಂದು ಚಕ್ರ. ಅದು ಅಂಬಿಕಾಳ ಬಸ್ಸಿನ ಸ್ಟೇರಿಂಗ್. ಅವ್ವ ಮಧ್ಯಾಹ್ನ ಕೆಲಸದಲ್ಲಿದ್ದಾಗ ಕಲಬುರಗಿಯಿಂದ ಸೇಡಂಗೆ ಬಸ್ಸು ಹೊರಡುತ್ತಿತ್ತು. ಬಸು ಒಬ್ಬನೇ ಪ್ರಯಾಣಿಕ, ಅವನೇ ಕಂಡಕ್ಟರ್. ಚಕ್ರವನ್ನು ಬಲಕ್ಕೆ ತಿರುಗಿಸುತ್ತ ಹೋದರೆ ನಡುವೆ ಮಳಖೇಡ ಬರುತ್ತಿತ್ತು. ಇನ್ನೂ ತಿರುಗಿಸಿ, ಮುಂದೆ ತಿರುಗದೆ ನಿಂತಿತೆಂದರೆ ಸೇಡಂ. ಬಸು "ಇಳಿಯಿರಿ, ಇಳಿಯಿರಿ" ಎಂದು ಕೂಗಿ ತಾನೇ ಇಳಿಯುತ್ತಿದ್ದ. ಬರುವಾಗ ಅಷ್ಟೂ ಸುತ್ತು ಎಡಕ್ಕೆ.

ಆ ಸಂದಿಗೆ ಹೋಗಬಾರದೆಂದು ಅವ್ವ ಖಂಡಿತವಾಗಿ ಹೇಳಿದ್ದಳು. ಹೋದ ವರ್ಷ ಅಲ್ಲೇ ಚೇಳು ಸಿಕ್ಕಿತ್ತು. ಅದಷ್ಟೇ ಆಗಿದ್ದರೆ ಅಂಬಿಕಾ ಇಷ್ಟು ಹೆದರುತ್ತಿರಲಿಲ್ಲ. ಪೈಪಿಗೆ ಬೆನ್ನು ಆನಿಸಿ ಕುಳಿತಾಗ ಒಳಗೆ ನೀರು ಹರಿಯುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಬಸ್ಸು ಸೇಡಂ ತಲುಪಿದರೆ ಸದ್ದು ನಿಲ್ಲುತ್ತಿತ್ತು. ಅದೇ ಹೊತ್ತಿಗೆ ಅಡುಗೆ ಮನೆಯಿಂದ "ಇದೇನು, ನಳದಲ್ಲಿ ಮತ್ತೆ ನೀರು ನಿಂತಿತಲ್ಲ!" ಎಂಬ ಮಾತು ಬರುತ್ತಿತ್ತು. ಪೈಪಿನಲ್ಲಿ ಗಾಳಿ ಸೇರಿದೆ ಎಂದು ಅಪ್ಪ ಸಮಾಧಾನ ಹೇಳುತ್ತಿದ್ದ. ಎರಡನ್ನೂ ಕೂಡಿಸಿ ನೋಡುವ ಯೋಚನೆ ಅವಳಿಗೆ ಈವರೆಗೆ ಬಂದಿರಲಿಲ್ಲ. ಈಗ ಒಮ್ಮೆಲೇ ಬಂತು. ಅದರ ಜೊತೆಗೇ ಇನ್ನೊಂದು ಯೋಚನೆಯೂ ಬಂತು: ದಿನಾ ತಿರುಗಿಸಿ ತಿರುಗಿಸಿ ಪೈಪು ಒಡೆದದ್ದು ತನ್ನಿಂದಲೇ ಇರಬೇಕು.

ಒಳಗೆ ಸುವರ್ಣಾ ಹೇಳುತ್ತಿದ್ದಳು, "ಇನ್ನು ತುಂಬಿಸಲು ಪಾತ್ರೆಯಿಲ್ಲ, ಅಕ್ಕ." ಅವಳ ಗಂಟಲು ಕಟ್ಟಿತ್ತು. ಅವ್ವ ಆ ದನಿಯಲ್ಲಿ ಮಾತಾಡಿದ್ದನ್ನು ಅಂಬಿಕಾ ಎಂದೂ ಕೇಳಿರಲಿಲ್ಲ.

ಹುಡುಗಿ ತಿರುಗಿ ನಡೆದಳು. ಕತ್ತಲಲ್ಲಿ ಟ್ರಂಕಿನ ಅಂಚು ಸವರಿಕೊಂಡು ಸಂದಿಯೊಳಗೆ ಮೈ ತೂರಿಸಿದಳು. ಚೇಳಿನ ನೆನಪಾಗಿ ಕಾಲುಗಳನ್ನು ಮಡಚಿ ಟ್ರಂಕಿನ ಮೇಲೆಯೇ ಕುಳಿತು, ಅಲ್ಲಿಂದಲೇ ಕೈ ಚಾಚಿದಳು. ಪೈಪು ನಡುಗುತ್ತಿತ್ತು. ಚಕ್ರ ಸಿಕ್ಕಿತು. ಎರಡೂ ಕೈಯಿಂದ ಹಿಡಿದು ಬಲಕ್ಕೆ ತಿರುಗಿಸಿದಳು. ಒಂದು ಸುತ್ತು. ಮತ್ತೊಂದು. ಅವಳ ಕೈಗೆ ಪಳಗಿದ ಚಕ್ರ, ಎಲ್ಲೂ ತಡೆಯಲಿಲ್ಲ. ಪೈಪಿನೊಳಗಿನ ಭೋರ್ಗರೆತ ಸಿಳ್ಳೆಯಾಯಿತು, ಸಿಳ್ಳೆ ಸಣ್ಣದಾಯಿತು.

"ಮಳಖೇಡ," ಎಂದ ಬಸು ಟ್ರಂಕಿನ ಹಿಂದಿನಿಂದ. ಅಳು ನಿಲ್ಲಿಸಿ ಅಕ್ಕನ ಬೆನ್ನಿಗೇ ಬಂದಿದ್ದ.

ಚಕ್ರ ನಿಂತಿತು.

ಅಡುಗೆ ಮನೆಯಲ್ಲಿ ಖಾಜಾ ಭಾಯಿ ಕೂಗಿದರು, "ಅಣ್ಣ, ನಿಂತಿತು! ಎಲ್ಲಿ ಬಂದ್ ಮಾಡಿದಿರಿ?"

"ನಾನು ಇಲ್ಲೇ ಇದ್ದೇನಲ್ಲ," ಎಂದ ಶಿವಶರಣಪ್ಪ.

ಟಾರ್ಚು ಮೆಟ್ಟಿಲ ಕೆಳಗೆ ಬಂದಾಗ ಅಂಬಿಕಾ ಇನ್ನೂ ಚಕ್ರವನ್ನು ಗಟ್ಟಿಯಾಗಿ ಹಿಡಿದೇ ಇದ್ದಳು. ಕೈಬಿಟ್ಟರೆ ತಾನಾಗಿ ತೆರೆದುಕೊಂಡೀತೆಂಬ ಭಯ ಅವಳಿಗೆ. ಅಪ್ಪ ಟ್ರಂಕು ಸರಿಸಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ನಾನೇ ಒಡೆದೆ, ಅಪ್ಪ," ಎಂದಳು. "ದಿನಾ ಸೇಡಂಗೆ ಹೋಗುತ್ತಿದ್ದೆ."

ಯಾರಿಗೂ ಅರ್ಥವಾಗಲಿಲ್ಲ. ಬಸುವೇ ಎಲ್ಲವನ್ನೂ ಬಿಡಿಸಿ ಹೇಳಿದ; ಟಿಕೀಟಿನ ದರವನ್ನೂ ಬಿಡಲಿಲ್ಲ.

ಖಾಜಾ ಭಾಯಿ ಮಾತಾಡದೆ ಅಡುಗೆ ಮನೆಗೆ ಹೋಗಿ, ಮುರಿದು ಬಿದ್ದಿದ್ದ ಪೈಪಿನ ತುಂಡು ಹುಡುಕಿ ತಂದು ಅವಳ ಅಂಗೈಯಲ್ಲಿಟ್ಟರು. ಹೊರಗೆ ಬಣ್ಣ ಬಳಿದು ನೆಟ್ಟಗಿದ್ದ ಪೈಪು, ಒಳಗೆ ಹಳದಿ ಕೆಂಪು ತುಕ್ಕಿನ ಹೆಪ್ಪು. ಎಳೆ ಕೊರೆದ ಜಾಗದಲ್ಲಿ ಕಬ್ಬಿಣ ಹಪ್ಪಳದಷ್ಟು ತೆಳ್ಳಗಾಗಿತ್ತು. ಅವರು ಉಗುರಿನಿಂದ ಒತ್ತಿದರು, ಅಂಚು ಮುರಿದು ಉದುರಿತು.

"ನೋಡಿದೆಯಾ, ಅವ್ವಾ? ಇದು ನಿನ್ನ ಬಸ್ಸಿನಿಂದ ಆದದ್ದಲ್ಲ. ವರ್ಷಗಟ್ಟಲೆ ನೀರು ತಿಂದದ್ದು. ಮೇಲಿನ ವಾಲ್ವ್ ಯಾರೂ ತಿರುಗಿಸದೆ ಬಿಟ್ಟದ್ದಕ್ಕೆ ಜಾಮ್ ಆಗಿ ಸತ್ತಿದೆ. ಇದನ್ನು ನೀನು ದಿನಾ ತಿರುಗಿಸಿದ್ದೀಯೆ, ಅದಕ್ಕೇ ಇವತ್ತು ಮಾತು ಕೇಳಿತು."

ಶಿವಶರಣಪ್ಪ ಮಾಳಿಗೆಗೆ ಹೋಗಿ ಟ್ಯಾಂಕನ್ನು ಮೇಲಿನಿಂದ ಕೆಳಗಿನವರೆಗೆ ಬೆರಳ ಗೆಣ್ಣಿನಿಂದ ಬಡಿಯುತ್ತ ಬಂದ. ಟೊಳ್ಳು ದನಿ ನಡುವಿಗಿಂತ ಸ್ವಲ್ಪ ಕೆಳಗೆ ಗಟ್ಟಿಯಾಯಿತು. ಅರ್ಧಕ್ಕೆ ಹತ್ತಿರ ಉಳಿದಿತ್ತು. ತುಂಬಿಸಿಟ್ಟ ಪಾತ್ರೆಗಳನ್ನೂ ಲೆಕ್ಕಕ್ಕೆ ಹಿಡಿದರೆ, ಹಿಡಿತದಲ್ಲಿ ಬಳಸಿದರೆ, ನಳ ಬರುವವರೆಗೆ ದೂಡಬಹುದು.

ಆಮೇಲಿನದು ಬರೀ ದುಡಿತ. ನೀರು ಬಳಿದರು, ಗೋಣಿ ಹಾಸಿದರು. ಒದ್ದೆಯಾದ ಚೀಲವನ್ನು ಬಿಚ್ಚಿ ಮಾಳಿಗೆಯ ಮೇಲೆ ಹಳೆಯ ಸೀರೆಯಲ್ಲಿ ಜೋಳ ಹರವಿದರು. ಆಯಿ ಬುಟ್ಟಿಯಲ್ಲಿ ಮೆತ್ತಗಾದ ರೊಟ್ಟಿಗಳನ್ನು ಮುರಿದು, ಬೆಳಗ್ಗೆ ಒಗ್ಗರಣೆ ಹಾಕಿದರಾಯಿತೆಂದು ಮುಚ್ಚಿಟ್ಟಳು, ಒಂದನ್ನೂ ಎಸೆಯಗೊಡಲಿಲ್ಲ.

ಸುವರ್ಣಾ ಸೀರೆ ಬದಲಿಸಿ ಮೇಲೆ ಬಂದಳು. ಅಂಬಿಕಾ ಆಯಿಯ ಬೆನ್ನಿಗೆ ಅಂಟಿಕೊಂಡು ನಿದ್ದೆ ಬಂದವಳಂತೆ ಮಲಗಿದ್ದಳು.

"ಅಂಬೂ, ಕಣ್ಣು ತೆರೆ. ಹಾಗಾದರೆ ಮಧ್ಯಾಹ್ನ ನಾನು ಪಾತ್ರೆಗೆ ಹುಡಿ ಹಚ್ಚಿ ಕುಳಿತಾಗ ನೀರು ನಿಲ್ಲಿಸುತ್ತಿದ್ದವಳು ನೀನೇ?"

"ಹೂಂ."

"ದಿನಕ್ಕೆ ಎಷ್ಟು ಬಸ್ಸು?"

"ಎರಡು."

ಸುವರ್ಣಾ ಮಗಳ ಪಕ್ಕಕ್ಕೆ ಕುಳಿತು, ಅವಳ ಅಂಗೈಯಲ್ಲಿ ಅಂಟಿದ್ದ ತುಕ್ಕನ್ನು ಸೆರಗಿನಿಂದ ಒರೆಸಿದಳು. "ನಾಳೆ ಪ್ಲಂಬರ್ ಬಂದು ಹೋಗಲಿ. ಆ ಸಂದಿಯನ್ನೂ ಗುಡಿಸಿ ಔಷಧ ಹೊಡೆಸುತ್ತೇನೆ. ಆಮೇಲೆ ಬೇಕಾದಷ್ಟು ಸಲ ಸೇಡಂಗೆ ಹೋಗು. ಹೊರಡುವ ಮೊದಲು ನನಗೊಂದು ಮಾತು ಹೇಳಿ ಹೋಗು."

"ಈಗ ಬಸ್ಸು ಸೇಡಂನಲ್ಲೇ ನಿಂತಿದೆ," ಎಂದ ಬಸು. "ಕಲಬುರಗಿಗೆ ಯಾವಾಗ ಬರುವುದು?"

"ಪೈಪು ಕೂಡಿಸಿದ ಮೇಲೆ," ಎಂದಳು ಅಂಬಿಕಾ, ಮಗ್ಗುಲು ಬದಲಿಸುತ್ತ. "ಅಲ್ಲಿಯವರೆಗೆ ಚಕ್ರ ಮುಟ್ಟಿದರೆ ನೋಡು."