ಅಪ್‌ಡೇಟ್ ಆದ ಮೇಲೆ ನಾಲ್ಕು ತಿಂಗಳ ಚಾಟ್ ಕಾಣ್ತಿಲ್ಲ, ದಯವಿಟ್ಟು ಹುಡುಕಿಕೊಡಿ

ಸಹಾಯ ವಿಭಾಗದವರಿಗೆ ನಮಸ್ಕಾರ,

ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತೇನೆ. ಎರಡು ವರ್ಷದಿಂದ ನಿಮ್ಮ ಆ್ಯಪ್ ಬಳಸುತ್ತಿದ್ದೇನೆ, ದೂರು ಹೇಳುವಂಥದ್ದು ಏನೂ ಇರಲಿಲ್ಲ. ಮಂಗಳವಾರ ರಾತ್ರಿ ಫೋನ್ ಚಾರ್ಜಿಗೆ ಹಾಕಿ ಮಲಗಿದ್ದೆ, ಆಗ ಆ್ಯಪ್ ತಾನೇ ಅಪ್‌ಡೇಟ್ ಆಗಿದೆ. ಬೆಳಿಗ್ಗೆ ತೆಗೆದು ನೋಡಿದರೆ, ಮೆಕ್ಕೆಜೋಳ ಒಕ್ಕುವ ಯಂತ್ರದ ಕೈಪಿಡಿ ಬಗ್ಗೆ ನಾನೂ ಕಂಪನಿಯ ಸಂಪಾದಕಿಯೂ ನಾಲ್ಕು ತಿಂಗಳಿಂದ ಆಡಿದ್ದ ಮಾತೆಲ್ಲ ಮಾಯ. ಅವರ ಹೆಸರಿದೆ, ಫೋಟೋ ಇದೆ, ಒಳಗೆ ಹೋದರೆ "ಸಂದೇಶಗಳಿಲ್ಲ" ಅಂತ ಬರುತ್ತದೆ. ಅಕ್ಕನ ಚಾಟ್, ಹಾಲಿನವರ ಲೆಕ್ಕ ಎಲ್ಲ ಹಾಗೇ ಇವೆ. ಇದೊಂದೇ ಹೋಗಿದೆ. ಸಂಪಾದಕಿಗೆ ಫೋನ್ ಮಾಡಿ ಕೇಳಿದೆ, ಅವರ ಕಡೆಯೂ ಖಾಲಿಯಂತೆ.

ಚಾಟ್‌ನಲ್ಲಿ ಅಂಥದ್ದೇನಿತ್ತು ಅಂತ ಅನ್ನಿಸಬಹುದು. ಈ ಬೆಳೆಗೆ ನಮ್ಮ ಕಡೆ ಮೆಕ್ಕೆಜೋಳ ಅಂತಾರೆ, ಹಾವೇರಿ-ಧಾರವಾಡದ ಕಡೆ ಗೋವಿನಜೋಳ, ಮೈಸೂರಿನ ಕಡೆ ಮುಸುಕಿನ ಜೋಳ. ಸುಮ್ನೆ ಜೋಳ ಅಂತ ಬರೆದರೆ ರೊಟ್ಟಿ ಜೋಳ ಅಂದುಕೊಳ್ಳುತ್ತಾರೆ. ಇದೊಂದು ಪದಕ್ಕೇ ನಾವು ಮೂರು ದಿನ ಜಗ್ಗಾಡಿದ್ದೇವೆ! ಎಚ್ಚರಿಕೆಯ ಪುಟದಲ್ಲಿ ನಾನು ಮೊದಲು "ಸಡಿಲ ಉಡುಪು ಧರಿಸಬೇಡಿ" ಅಂತ ಬರೆದಿದ್ದೆ. ಹಾಗಂದರೆ ಕಣದಲ್ಲಿ ಯಾರಿಗೆ ನಾಟುತ್ತದೆ, ಸೆರಗು, ಹೆಗಲ ಮೇಲಿನ ಟವೆಲ್ ಅಂತಲೇ ಹೇಳೋಣ ಅಂತ ಆಮೇಲೆ ಇಬ್ಬರೂ ಒಪ್ಪಿದೆವು. ತಿದ್ದಿದ ಸಾಲುಗಳು ನನ್ನ ಕಂಪ್ಯೂಟರಿನಲ್ಲಿವೆ. ಯಾಕೆ ತಿದ್ದಿದೆವು, ಯಾವಾಗ ಒಪ್ಪಿಗೆ ಸಿಕ್ಕಿತು ಅನ್ನೋದು ಮಾತ್ರ ಆ ಚಾಟ್‌ನಲ್ಲೇ ಇತ್ತು. ಈಗ ಕಂಪನಿಯ ಇನ್ನೊಬ್ಬರು ಪರಿಶೀಲನೆಗೆ ಕೂತು ಪುಟ ಪುಟಕ್ಕೂ "ಇದ್ಯಾಕೆ ಹೀಗೆ" ಅಂತ ಕೇಳುತ್ತಿದ್ದಾರೆ, ನಾನು ನೆನಪಿನ ಮೇಲೆ ಉತ್ತರ ಕೊಡುತ್ತಾ ಕೂತಿದ್ದೇನೆ.

ಬೇರೆ ಕಡೆ ಬರೆದಿಟ್ಟುಕೊಳ್ಳದೇ ಇದ್ದದ್ದು ನನ್ನದೂ ತಪ್ಪೇ, ಒಪ್ಪುತ್ತೇನೆ. ಆದರೆ ಅಪ್‌ಡೇಟ್ ಮಾಡಿದರೆ ಹಳೆಯದು ಹೋಗಬಹುದು ಅಂತ ನೀವೂ ಒಂದು ಮಾತು ಹೇಳಿರಲಿಲ್ಲ ಅಲ್ವಾ?

ಫೋನ್ ಆಫ್ ಮಾಡಿ ಆನ್ ಮಾಡಿದೆ, ಲಾಗೌಟ್ ಆಗಿ ಮತ್ತೆ ಲಾಗಿನ್ ಆದೆ, ಆರ್ಕೈವ್‌ನಲ್ಲೂ ಹುಡುಕಿದೆ. ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಿ ಅಂತ ನಿಮ್ಮ ಸಹಾಯ ಪುಟದಲ್ಲಿದೆ, ಅದನ್ನು ಮಾತ್ರ ಮಾಡಿಲ್ಲ. ಫೋನಿನಲ್ಲಿ ಏನಾದರೂ ಉಳಿದಿದ್ದರೆ ಅದೂ ಅಳಿಸಿಹೋದೀತು ಅನ್ನೋ ಭಯ.

ಆ ಚಾಟ್ ನಿಮ್ಮ ಸರ್ವರಿನಲ್ಲಿ ಇನ್ನೂ ಇದೆಯಾ ಅಂತ ದಯವಿಟ್ಟು ನೋಡಿ ಹೇಳಿ. ವಾಪಸ್ ಆ್ಯಪಿಗೆ ತರೋಕೆ ಆಗದಿದ್ದರೆ ಬರೀ ಅಕ್ಷರದ ಫೈಲ್ ಕಳಿಸಿದರೂ ಸಾಕು, ಫೋಟೋ ಬೇಡ. ಪೂರ್ತಿ ಹೋಗಿದ್ದರೆ ಅದನ್ನಾದರೂ ನೇರವಾಗಿ ಹೇಳಿಬಿಡಿ. ನಾನು ಕೆಲಸ ಒಪ್ಪಿಸಬೇಕಾದ್ದು 25ನೇ ತಾರೀಖು, ಅಷ್ಟರೊಳಗೆ ಗೊತ್ತಾದರೆ ಸಂಪಾದಕಿಯ ಜೊತೆ ಕೂತು ಮುಖ್ಯವಾದದ್ದನ್ನಾದರೂ ಮತ್ತೆ ಬರೆದುಕೊಳ್ಳುತ್ತೇನೆ. "ನಿಮ್ಮ ದೂರು ನಮಗೆ ಮುಖ್ಯ" ಅನ್ನೋ ಮೆಸೇಜು ಈಗಾಗಲೇ ಎರಡು ಸಲ ಬಂದಿದೆ, ಈ ಸಲ ಯಾರಾದರೂ ಓದಿ ಉತ್ತರ ಬರೆದರೆ ಉಪಕಾರವಾಗುತ್ತದೆ.

ಖಾಲಿ ಚಾಟ್‌ನ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ.

ಇಂತಿ,
ಶೈಲಜಾ
ವಿದ್ಯಾನಗರ, ದಾವಣಗೆರೆ