ಚಿನ್ನುವಿನ ಮಾತಿನ ಅಭ್ಯಾಸ ಹಾಳೆ: ಜೂನ್ ತಿಂಗಳ ಆಟಗಳು

ಮಗು: ಚಿನ್ನು, 2 ವರ್ಷ 3 ತಿಂಗಳು
ಮನೆಮಾತು: ಕನ್ನಡ
ಅಭ್ಯಾಸದ ಅವಧಿ: 2025ರ ಜೂನ್ 2ರಿಂದ 29ರವರೆಗೆ
ಮುಂದಿನ ಭೇಟಿ: ಜೂನ್ 30, ಬೆಳಿಗ್ಗೆ 10:30

ಅಮ್ಮ, ಅಪ್ಪ, ಅಜ್ಜಿ ಮೂವರೂ ಓದಬೇಕಾದ ಹಾಳೆ ಇದು. ಅಜ್ಜಿಗೆ ಸಣ್ಣ ಅಕ್ಷರ ಕಾಣದಿದ್ದರೆ ಒಂದು ಸಂಜೆ ಕೂತು ಓದಿ ಹೇಳಿ. ದಿನದ ಬಹುಪಾಲು ಹೊತ್ತು ಚಿನ್ನು ಇರುವುದು ಅವರ ಜೊತೆಗೇ.

ಈಗ ಎಲ್ಲಿದ್ದಾನೆ

ಬೇರಾ ಪರೀಕ್ಷೆಯಲ್ಲಿ ಎರಡೂ ಕಿವಿ ಸರಿಯಾಗಿವೆ ಎಂದು ಬಂದಿದೆ. "ಚಪ್ಪಲಿ ತಗೊಂಡ್ ಬಾ" ಅಂದರೆ ತರುತ್ತಾನೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆ, ತೋರಿಸಿ ನಿಮ್ಮ ಮುಖ ನೋಡುತ್ತಾನೆ. ಇವೆಲ್ಲ ಒಳ್ಳೆಯ ಸೂಚನೆಗಳು. ಆದರೆ ಅವನ ಬಾಯಲ್ಲಿರುವ ಮಾತು ಆರೇ: ಅಮ್ಮ, ಅಪ್ಪ, ಬಾ, ಟಾಟಾ, ನಾಯಿಗೆ ಬೌ, ಹಾಲಿಗೆ ಪಾ. ಎರಡು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಮಕ್ಕಳ ಬಾಯಲ್ಲಿ ಐವತ್ತರ ಆಸುಪಾಸು ಪದಗಳಿರುತ್ತವೆ, "ಅಪ್ಪ ಬಾ" ಅಂತ ಎರಡು ಸೇರಿಸಲು ಶುರುಮಾಡಿರುತ್ತಾರೆ.

"ಅವರಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು" ಎಂದು ಅಜ್ಜಿ ಹೇಳಿದ್ದು ನಿಜವೇ ಇರಬಹುದು. ಕೆಲವು ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ. ಯಾವ ಮಗು ಸರಿಹೋಗುತ್ತದೆ, ಯಾವುದು ಹಿಂದೆ ಉಳಿಯುತ್ತದೆ ಎಂದು ಈಗಲೇ ಹೇಳುವುದಕ್ಕೆ ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಈಗಲೇ ಶುರುಮಾಡುತ್ತಿದ್ದೇವೆ. ಇದು ಯಾರ ತಪ್ಪಿನಿಂದಲೂ ಆದದ್ದಲ್ಲ.

ಎಲ್ಲ ಆಟಕ್ಕೂ ಒಂದೇ ನಿಯಮ: ಕೇಳಬೇಡಿ, ಕಾಯಿರಿ

ಮೊನ್ನೆ ಇಲ್ಲಿ ಸೋಪಿನ ಗುಳ್ಳೆ ಊದುವಾಗ ನಡೆದದ್ದು ನೆನಪಿದೆಯಲ್ಲ? ಮೊದಲ ಐದು ನಿಮಿಷ ನೀವು "ಇದೇನು? ಬಬಲ್ ಅನ್ನು, ಹೇಳು ಕಂದ, ಹೇಳು" ಅಂತ ಹನ್ನೊಂದು ಸಲ ಕೇಳಿದಿರಿ. ಅವನು ಬಾಯಿ ಬಿಡಲಿಲ್ಲ, ನಾಲ್ಕನೇ ಸಲಕ್ಕೆ ಮುಖ ಆ ಕಡೆ ತಿರುಗಿಸಿಕೊಂಡ. ಆಮೇಲೆ ನಾನು ಹೇಳಿದಂತೆ ಕಡ್ಡಿಯನ್ನು ತುಟಿಯ ಹತ್ತಿರ ಹಿಡಿದು, ಊದದೆ, ಅವನ ಮುಖವನ್ನೇ ನೋಡುತ್ತ ಸುಮ್ಮನೆ ಕೂತಿರಿ. ಅವನು ಕಡ್ಡಿ ನೋಡಿದ, ನಿಮ್ಮನ್ನು ನೋಡಿದ, ನಿಮ್ಮ ಮೊಣಕಾಲು ಹಿಡಿದು "ಪು" ಅಂದ. ಆ "ಪು" ಅವನದೇ ಮಾತು, ಯಾರೂ ಹೇಳಿಸಿದ್ದಲ್ಲ.

ಮಾಡಬೇಕಾದದ್ದು ಇಷ್ಟೇ. ಆಟವನ್ನು ಎರಡು ಮೂರು ಸಲ ನೀವೇ ಆಡಿ ತೋರಿಸಿ, ಪ್ರತಿ ಸಲವೂ ಅದೇ ಒಂದು ಪದ ಹೇಳಿ. ಮುಂದಿನ ಸಲ ಮಧ್ಯದಲ್ಲೇ ನಿಲ್ಲಿಸಿ. ನೆಲದ ಮೇಲೆ ಅವನ ಕಣ್ಣಿನ ಮಟ್ಟಕ್ಕೆ ಕೂತು, ಮುಖದಲ್ಲಿ "ಈಗೇನಾಗುತ್ತೆ?" ಅನ್ನುವ ಕುತೂಹಲ ಇಟ್ಟುಕೊಂಡು, ಮನಸ್ಸಿನಲ್ಲೇ ಒಂದರಿಂದ ಐದು ಎಣಿಸಿ. ಐದು ಎಣಿಸುವುದು ಬಹಳ ಹೊತ್ತು ಅನ್ನಿಸುತ್ತದೆ. ಬಾಯಿ ತುರಿಸುತ್ತದೆ. ತಡೆದುಕೊಳ್ಳಿ.

ಅವನು ಸದ್ದು ಮಾಡಿದರೆ, ಕೈಯೆತ್ತಿದರೆ, ನಿಮ್ಮನ್ನು ನೋಡಿದರೂ ಸಾಕು, ಅದು ಅವನ ಸರದಿ. ಕೂಡಲೇ ಪದವನ್ನು ನೀವು ಹೇಳಿ ಆಟ ಮುಂದುವರಿಸಿ. ಏನೂ ಮಾಡದಿದ್ದರೂ ಐದು ಎಣಿಸಿದ ಮೇಲೆ ಪದ ಹೇಳಿ ಆಟ ಕೊಡಿ. "ಹೇಳಿದ್ರೆ ಮಾತ್ರ ಕೊಡ್ತೀನಿ" ಎನ್ನುವುದು ಬೇಡವೇ ಬೇಡ. ಹಾಗೆ ಮಾಡಿದರೆ ಮಾತು ಅಂದರೆ ಜಗಳ ಅಂತ ಮಗು ಕಲಿಯುತ್ತದೆ.

ಈ ತಿಂಗಳ ಹತ್ತು ಪದ

ಬಾ, ಕೊಡು, ಬೇಕು, ಬೇಡ, ಸಾಕು, ಹಾಕು, ತೆಗಿ, ಇನ್ನೂ, ಬಿತ್ತು, ಹೋಯ್ತು.

ಇದರಲ್ಲಿ ಹಣ್ಣು ಹೂವು ಬಣ್ಣಗಳ ಹೆಸರು ಯಾಕಿಲ್ಲ ಎಂದು ಕೇಳಿದಿರಿ. ಗೋಡೆಯ ಚಾರ್ಟ್ ನೋಡಿ "ಆಪಲ್" ಅಂದ ಮಗುವಿಗೆ ಆ ಪದದಿಂದ ದಿನಕ್ಕೆ ಎಷ್ಟು ಸಲ ಉಪಯೋಗ? "ಕೊಡು" ಗೊತ್ತಿದ್ದರೆ ದಿನಕ್ಕೆ ಐವತ್ತು ಸಲ ಕೆಲಸಕ್ಕೆ ಬರುತ್ತದೆ. ಮುಂದೆ ಎರಡು ಪದ ಸೇರಿಸುವುದೂ ಇವುಗಳಿಂದಲೇ: ಪಾ ಬೇಕು, ಅಜ್ಜಿ ಬಾ, ಬೌ ಹೋಯ್ತು. ಚಾರ್ಟ್ ಗೋಡೆಯ ಮೇಲೇ ಇರಲಿ, ಆದರೆ ಅದರ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡುವುದು ಸದ್ಯಕ್ಕೆ ನಿಲ್ಲಲಿ.

ಉಚ್ಚಾರಣೆ ತಿದ್ದಬೇಡಿ. ಪ, ಬ, ಮ ಮೊದಲು ಬರುವ ಸದ್ದುಗಳು. ರ, ಶ, ಳ ಬರುವುದು ತಡವಾಗಿ. "ಕೊಡು" ಅನ್ನುವುದು "ತೊದು" ಆದರೂ ಕೊಡಿ, ಕೊಡುವಾಗ "ಕೊಡು! ತಗೋ" ಎಂದು ಸರಿಯಾದದ್ದನ್ನು ಕೇಳಿಸಿ. ಅಷ್ಟು ಸಾಕು.

ದಿನದ ಆಟಗಳು

*ಸ್ನಾನದ ಹೊತ್ತು (ಅಮ್ಮ, 10 ನಿಮಿಷ).* ನನ್ನ ಅನುಭವದಲ್ಲಿ ಇಡೀ ದಿನದಲ್ಲಿ ಹೆಚ್ಚು ಮಾತು ಹುಟ್ಟುವ ಜಾಗ ಬಚ್ಚಲುಮನೆ. ಅಲ್ಲಿ ಟಿವಿ ಇಲ್ಲ, ಓಡಿಹೋಗಲು ಜಾಗ ಇಲ್ಲ, ನಿಮ್ಮ ಮುಖ ಅವನ ಎದುರಿಗೇ ಇರುತ್ತದೆ. ಎರಡು ಪ್ಲಾಸ್ಟಿಕ್ ಲೋಟ, ಒಂದು ಚೊಂಬು ಇಟ್ಟುಕೊಳ್ಳಿ. ಲೋಟದಿಂದ ಅವನ ಕಾಲಿನ ಮೇಲೆ ನೀರು ಹಾಕುತ್ತ "ಹಾಕು!" ಅನ್ನಿ. ಮೂರು ಸಲ. ನಾಲ್ಕನೇ ಸಲ ಲೋಟವನ್ನು ಮೇಲೆತ್ತಿ ಹಿಡಿದು ನಿಲ್ಲಿಸಿ, ಕಾಯಿರಿ. ಕಾಲು ಚಾಚಿದನೇ? "ಆ" ಅಂದನೇ? "ಹಾಕು!" ಎಂದು ಹಾಕಿ. ಆಮೇಲೆ ಲೋಟ ಅವನಿಗೆ ಕೊಡಿ, ನಿಮ್ಮ ಕೈ ಮುಂದೆ ಚಾಚಿ. ಈಗ ಹಾಕುವ ಸರದಿ ಅವನದು, "ಹಾಕು" ಅನ್ನುವ ಸರದಿ ನಿಮ್ಮದು. ಲೋಟ ಖಾಲಿಯಾದಾಗ ಮಗುಚಿ ತೋರಿಸಿ "ಹೋಯ್ತು" ಅನ್ನಿ, ರಾಗ ಎಳೆದು. ಸೋಪು ಕೈಜಾರಿದಾಗ "ಬಿತ್ತು". ಬೇಕೆಂದೇ ಎರಡು ಸಲ ಜಾರಿಸಿ. ಬಕೆಟ್ ಹತ್ತಿರ ಅವನನ್ನು ಒಬ್ಬನೇ ಬಿಟ್ಟು ಟವೆಲ್ ತರಲು ಹೋಗಬೇಡಿ, ಮೊದಲೇ ತಂದಿಟ್ಟುಕೊಳ್ಳಿ.

*ಅಡುಗೆಮನೆ (ಅಮ್ಮ ಅಥವಾ ಅಜ್ಜಿ, 10 ನಿಮಿಷ).* ಸ್ಟೀಲ್ ಡಬ್ಬಿಯಲ್ಲಿ ಬಾಳೆಹಣ್ಣಿನ ತುಂಡು ಹಾಕಿ ಬಿಗಿಯಾಗಿ ಮುಚ್ಚಿ ಕೊಡಿ. ಅವನಿಗೆ ತೆಗೆಯಲು ಬರುವುದಿಲ್ಲ, ನಿಮ್ಮ ಕೈಗೆ ತರುತ್ತಾನೆ. ಕಾಯಿರಿ. "ತೆಗಿ" ಎಂದು ತೆಗೆಯಿರಿ. ಒಂದೇ ತುಂಡು ಕೊಡಿ, ಡಬ್ಬಿ ಕಾಣುವಂತೆ ಇಟ್ಟುಕೊಳ್ಳಿ. "ಇನ್ನೂ" ಬರುವುದು ಇಲ್ಲಿಂದಲೇ. ಎರಡು ಕೈಯಲ್ಲಿ ಎರಡು ವಸ್ತು ಹಿಡಿದು "ಬಾಳೆಹಣ್ಣಾ, ಬಿಸ್ಕತ್ತಾ?" ಎಂದು ಕೇಳುವುದೂ ಸರಿ. ಉತ್ತರ ಅವನ ಕಣ್ಣೆದುರೇ ಇರುವುದರಿಂದ ಆ ಪ್ರಶ್ನೆ ಪರೀಕ್ಷೆಯಾಗುವುದಿಲ್ಲ. ಕಡಲೇಕಾಯಿ ಬೀಜ, ಇಡೀ ದ್ರಾಕ್ಷಿ, ಗುಂಡಿ, ಮಣಿ ಬೇಡ. ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

*ಮನೆಬಾಗಿಲು (ಅಜ್ಜಿ, ಸಂಜೆ).* ಜಗಲಿಯ ಮೇಲೆ ಅವನನ್ನು ಕೂರಿಸಿಕೊಂಡು ಬೀದಿ ನೋಡುವುದು. ಅವನು ಯಾವುದನ್ನು ನೋಡುತ್ತಾನೋ ಅದರ ಬಗ್ಗೆ ಮಾತ್ರ, ಎರಡು ಮೂರು ಪದದಲ್ಲಿ ಹೇಳಿ: "ಹಸು ಬಂತು. ಅಂಬಾ. ಹಸು ಹೋಯ್ತು." ನೀವು ಆಟೋ ತೋರಿಸುತ್ತಿರುವಾಗ ಅವನು ಕೋಳಿ ನೋಡುತ್ತಿದ್ದರೆ ಆಟೋ ಬಿಟ್ಟುಬಿಡಿ. ಅಜ್ಜಿ ಆಡುವ ಬುವ್ವ, ತಾಚಿ, ಅಂಬಾ ಇವನ್ನು ಯಾರೂ ತಡೆಯಬೇಡಿ. ಚಿಕ್ಕದಾಗಿ, ರಾಗವಾಗಿ, ಎರಡೆರಡು ಸಲ ಬರುವ ಸದ್ದನ್ನು ಮಗು ಬೇಗ ಹಿಡಿಯುತ್ತದೆ.

*ಉಪ್ಪಿನ ಮೂಟೆ (ಅಪ್ಪ, ರಾತ್ರಿ ಕೆಲಸದಿಂದ ಬಂದ ಮೇಲೆ, 10 ನಿಮಿಷ).* ಬೆನ್ನ ಮೇಲೆ ಹೊತ್ತುಕೊಂಡು ಹಾಲಿನಿಂದ ರೂಮಿಗೆ ಹೋಗಿ, ತಟ್ಟನೆ ನಿಂತುಬಿಡಿ. ಬೆನ್ನ ಮೇಲಿಂದ ಏನಾದರೂ ಸೂಚನೆ ಬರಲೇಬೇಕು: ಒದೆಯುತ್ತಾನೆ, ಕುಲುಕುತ್ತಾನೆ, ಕೂಗುತ್ತಾನೆ. "ಇನ್ನೂ!" ಎಂದು ಮತ್ತೆ ಓಡಿ. ಸುಸ್ತಾದಾಗ "ಸಾಕು" ಎಂದು ಇಳಿಸಿ, "ಬಾ" ಎಂದು ಕೈ ಚಾಚಿ ಕಾಯಿರಿ. ಬೆನ್ನ ಮೇಲಿದ್ದರೆ ನಿಮ್ಮ ಮುಖ ಕಾಣುವುದಿಲ್ಲ, ಹಾಗಾಗಿ ನಿಂತಾಗ ಕನ್ನಡಿಯ ಮುಂದೆ ನಿಲ್ಲಿ. ದಿನವಿಡೀ ದುಡಿದು ಬಂದವರಿಗೆ ಇದು ಕಷ್ಟ ಎಂದು ಗೊತ್ತು. ಆದರೂ ಇದನ್ನು ಅಪ್ಪನೇ ಆಡಲಿ. ಅಪ್ಪನ ಸದ್ದು ಕೇಳಿದರೆ ಅವನು ಬಾಗಿಲಿಗೆ ಓಡುತ್ತಾನೆ ಎಂದು ನೀವೇ ಹೇಳಿದ್ದೀರಿ.

*ಮಲಗುವ ಮುಂಚೆ.* ಮನೆಯವರ ಆರೇಳು ಫೋಟೋ ಒಂದು ಪುಟ್ಟ ಆಲ್ಬಮ್‌ನಲ್ಲಿ. ಪುಟ ಅವನೇ ತಿರುಗಿಸಲಿ. ನಿಮ್ಮದು ಒಂದು ಪುಟಕ್ಕೆ ಒಂದೇ ಮಾತು.

ಜ್ವರ ಬಂದ ದಿನ, ಮನೆಗೆ ನೆಂಟರು ಬಂದ ದಿನ ಎಲ್ಲ ಆಗದಿದ್ದರೆ ಸ್ನಾನದ ಆಟವೊಂದನ್ನು ಮಾತ್ರ ಬಿಡಬೇಡಿ.

ಫೋನು ಮತ್ತು ಟಿವಿ

ಊಟ ಮಾಡಿಸುವಾಗ ಫೋನ್ ಕೊಡುತ್ತೇವೆ ಎಂದು ಮುಚ್ಚಿಡದೆ ಹೇಳಿದಿರಿ, ಒಳ್ಳೆಯದಾಯಿತು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಫೋನಿನೊಳಗಿನ ಹಾಡು ಚಿನ್ನುವಿಗಾಗಿ ಕಾಯುವುದಿಲ್ಲ, ಅವನು "ಪು" ಅಂದರೆ ತಿರುಗಿ ನೋಡುವುದಿಲ್ಲ. ಒಂದೇ ದಿನದಲ್ಲಿ ಕಿತ್ತುಕೊಳ್ಳಬೇಡಿ. ಮೊದಲ ವಾರ ಬೆಳಗಿನ ತಿಂಡಿಗೆ ಮಾತ್ರ ನಿಲ್ಲಿಸಿ, ಎರಡನೇ ವಾರ ಮಧ್ಯಾಹ್ನಕ್ಕೆ, ಮೂರನೇ ವಾರ ರಾತ್ರಿಗೆ. ಮೊದಲ ಮೂರ್ನಾಲ್ಕು ದಿನ ಎರಡು ತುತ್ತು ಕಡಿಮೆ ತಿಂದರೆ ಅಜ್ಜಿ ಗಾಬರಿಯಾಗುವುದು ಬೇಡ. ಆಟದ ಹೊತ್ತಿನಲ್ಲಿ ಧಾರಾವಾಹಿಯ ಸದ್ದೂ ಇರದಿರಲಿ.

ನೀವು ಕೇಳಿದ ಇನ್ನೂ ಮೂರು ವಿಷಯ

ಬಜೆ ತೇಯ್ದು ನಾಲಿಗೆಗೆ ಹಚ್ಚುವುದು ಬೇಡ. ಅದರಿಂದ ಮಾತು ಬರುವುದಿಲ್ಲ, ಮಗುವಿಗೆ ವಾಂತಿಯಾಗಬಹುದು. ನಾಲಿಗೆಯ ಕೆಳಗಿನ ಪೊರೆಯನ್ನು ನೋಡಿದ್ದೇನೆ. ಚಿನ್ನು ನಾಲಿಗೆ ಚಾಚುತ್ತಾನೆ, ಮೇಲೆತ್ತುತ್ತಾನೆ. ಕತ್ತರಿಸುವ ಮಾತೇ ಇಲ್ಲ.

ಶಾಲೆಗೆ ಅನುಕೂಲವಾಗಲಿ ಎಂದು ಮನೆಯಲ್ಲಿ ಇಂಗ್ಲಿಷ್ ಶುರುಮಾಡುವ ಯೋಚನೆಯನ್ನೂ ಕೈಬಿಡಿ. ಎರಡು ಭಾಷೆ ಕೇಳಿದರೆ ಮಾತು ತಡವಾಗುತ್ತದೆ ಎಂದೇನೂ ಅಲ್ಲ. ಆದರೆ ನೀವು ನಗುವ, ಗದರುವ, ಮುದ್ದುಮಾಡುವ ಭಾಷೆ ಕನ್ನಡ. ನಿಮ್ಮ ಬಾಯಿಂದ ಸಲೀಸಾಗಿ ಬರುವುದೇ ಅವನ ಕಿವಿಗೆ ಬೀಳಲಿ.

ಬರೆದಿಡುವುದು

ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆಯಿರಿ, ಬೇರೆ ಪುಸ್ತಕ ಬೇಡ. ಹೊಸ ಸದ್ದು ಬಂದ ದಿನ ಅದನ್ನು ಅವನು ಹೇಳಿದ ಹಾಗೆಯೇ ಬರೆದು, ಯಾವುದಕ್ಕೆ ಹೇಳಿದ ಎಂದು ಸೇರಿಸಿ. ಉದಾಹರಣೆಗೆ: "ಜೂನ್ 5, ಬಿತ್ತು ಅನ್ನೋದಕ್ಕೆ ಬಿತ, ಚಮಚ ಬಿದ್ದಾಗ." ಒಂದೇ ವಸ್ತುವಿಗೆ ಒಂದೇ ಸದ್ದನ್ನು ಮತ್ತೆ ಮತ್ತೆ ಹೇಳಿದರೆ ಅದು ಪದವೇ. ಅಂಬಾ, ಬೌ, ಪು ಎಲ್ಲವೂ ಲೆಕ್ಕಕ್ಕೆ. ಮೊದಲ ಎರಡು ವಾರ ಒಂದೂ ಹೊಸ ಪದ ಬರದಿರಬಹುದು. ಆಗ ನೋಡಬೇಕಾದದ್ದು: ನೀವು ನಿಲ್ಲಿಸಿದಾಗ ಅವನು ನಿಮ್ಮನ್ನು ನೋಡುವುದು ಹೆಚ್ಚಾಗಿದೆಯೇ? ಸದ್ದು ಮಾಡುವುದು ಹೆಚ್ಚಾಗಿದೆಯೇ? ಪದಕ್ಕಿಂತ ಮೊದಲು ಬರುವುದು ಅದೇ.

ಜೂನ್ 30ರವರೆಗೆ ಕಾಯದೆ ಬರಬೇಕಾದದ್ದು

ಈಗಿರುವ ಪದಗಳನ್ನು ಹೇಳುವುದು ನಿಲ್ಲಿಸಿದರೆ, ಹೆಸರು ಕರೆದರೆ ತಿರುಗುವುದು ಕಡಿಮೆಯಾದರೆ, ಬೆರಳು ತೋರಿಸುವುದು ಬಿಟ್ಟರೆ ಕೂಡಲೇ ಬನ್ನಿ. ಕಿವಿ ಸೋರಿದರೆ, ಕಿವಿ ನೋವೆಂದು ಅತ್ತರೆ ಮೊದಲು ಕಿವಿ ಡಾಕ್ಟರಿಗೆ ತೋರಿಸಿ. ಶೀತ ಒಳಗಿಳಿದರೂ ಕೇಳಿಸುವುದು ಮಂದವಾಗುತ್ತದೆ. ಇಲ್ಲಿಗೆ ಬರುವ ಖರ್ಚು ಕಷ್ಟವಾದರೆ ಸಂಕೋಚ ಬೇಡ, ಹೇಳಿ. ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತೇನೆ, ಅಲ್ಲಿ ಮಕ್ಕಳಿಗೆ ಉಚಿತ. ಇನ್ನೂ ವಿವರವಾದ ತಪಾಸಣೆ ಬೇಕೆನ್ನಿಸಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು.

ಬರುವಾಗ ಕ್ಯಾಲೆಂಡರಿನ ಜೂನ್ ಹಾಳೆ ಹರಿದು ತನ್ನಿ. ಸ್ನಾನದ ಆಟದ್ದೋ ಉಪ್ಪಿನ ಮೂಟೆಯದ್ದೋ ಎರಡು ನಿಮಿಷದ ವಿಡಿಯೋ ಇರಲಿ, ಅವನಿಗೆ ಗೊತ್ತಾಗದಂತೆ ತೆಗೆದದ್ದು. ಬಚ್ಚಲಲ್ಲಿ ತೆಗೆದರೆ ಚಡ್ಡಿ ಹಾಕಿರಲಿ, ನನ್ನನ್ನು ಬಿಟ್ಟು ಬೇರೆಯವರಿಗೆ ಕಳಿಸಬೇಡಿ. ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು ಬನ್ನಿ.