ಜಿಮ್ ಪದಕೋಶ: ಹೊಸದಾಗಿ ಸೇರಿದವರಿಗೆ

ನಮ್ಮ ಜಿಮ್‌ಗೆ ಹೊಸದಾಗಿ ಸೇರಿದವರು ಮೊದಲ ವಾರ ಜಾಸ್ತಿ ಕೇಳುವುದು "ಸರ್, ಚೀಟಿಯಲ್ಲಿ ಬರೆದಿರೋದು ಏನು?" ಅಂತ. ಅದಕ್ಕೇ ಈ ಪಟ್ಟಿ. ಅಕ್ಷರಗಳ ಕ್ರಮದಲ್ಲಿ ಜೋಡಿಸಿಲ್ಲ. ಮೊದಲ ದಿನ ಕಿವಿಗೆ ಬೀಳುವ ಪದಗಳು ಮೊದಲು, ಆಮೇಲೆ ಬೇಕಾಗುವವು ಆಮೇಲೆ. ಒಂದೇ ದಿನ ಎಲ್ಲ ಓದಿ ಮುಗಿಸಬೇಕಿಲ್ಲ.

ಚೀಟಿಯ ಲೆಕ್ಕ

ರೆಪ್: ಒಂದು ವ್ಯಾಯಾಮವನ್ನು ಒಂದು ಸಲ ಪೂರ್ತಿ ಮಾಡುವುದು. ಸ್ಕ್ವಾಟ್‌ನಲ್ಲಿ ಕೆಳಗೆ ಹೋಗಿ ಮತ್ತೆ ಪೂರ್ತಿ ಎದ್ದು ನಿಂತರೆ ಒಂದು ರೆಪ್. ಅರ್ಧಕ್ಕೆ ಹೋಗಿ ಬಂದದ್ದು ಅರ್ಧವೂ ಅಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸೆಟ್: ನಡುವೆ ನಿಲ್ಲಿಸದೆ ಮಾಡಿದ ರೆಪ್‌ಗಳ ಗುಂಪು. ಚೀಟಿಯಲ್ಲಿ 3×10 ಅಂತಿದ್ದರೆ ಮೂರು ಸೆಟ್, ಪ್ರತಿ ಸೆಟ್‌ಗೆ ಹತ್ತು ರೆಪ್. ಕೆಲವರು ತಿರುಗಿಸಿ ಬರೆಯುವುದೂ ಉಂಟು. ಅನುಮಾನ ಬಂದರೆ ಕೇಳಿಬಿಡಿ. ಹತ್ತು ಸೆಟ್ ಮಾಡಿ ಮಾರನೇ ದಿನ ಮೆಟ್ಟಿಲು ಇಳಿಯಲು ಪರದಾಡುವುದಕ್ಕಿಂತ ಅದು ಸುಲಭ.

ರೆಸ್ಟ್: ಎರಡು ಸೆಟ್‌ಗಳ ನಡುವಿನ ಬಿಡುವು. ಸ್ಕ್ವಾಟ್, ಡೆಡ್‌ಲಿಫ್ಟ್‌ನಂಥ ದೊಡ್ಡ ವ್ಯಾಯಾಮಗಳಿಗೆ 2ರಿಂದ 3 ನಿಮಿಷ. ಬೈಸೆಪ್ಸ್ ಕರ್ಲ್‌ನಂಥ ಚಿಕ್ಕವಕ್ಕೆ 1ರಿಂದ ಒಂದೂವರೆ ನಿಮಿಷ ಸಾಕು. ಬೆಂಚ್ ಮೇಲೆ ಕೂತು ಫೋನ್ ನೋಡುತ್ತಾ ಹತ್ತು ನಿಮಿಷ ಕಳೆದರೆ ಅದು ರೆಸ್ಟ್ ಅಲ್ಲ.

ವಾರ್ಮ್-ಅಪ್ ಸೆಟ್, ವರ್ಕಿಂಗ್ ಸೆಟ್: ಕೀಲು, ಸ್ನಾಯುಗಳನ್ನು ಸಿದ್ಧ ಮಾಡುವ ಹಗುರ ಸೆಟ್ ಮೊದಲನೆಯದು. ನಿಜವಾದ ಕೆಲಸ ನಡೆಯುವ ಸೆಟ್ ಎರಡನೆಯದು. ಚೀಟಿಯಲ್ಲಿ ಇರುವುದು ಸಾಮಾನ್ಯವಾಗಿ ವರ್ಕಿಂಗ್ ಸೆಟ್ ಮಾತ್ರ. ಉದಾಹರಣೆಗೆ ಇವತ್ತಿನ ಬೆಂಚ್ ಪ್ರೆಸ್ 50 ಕೆಜಿ ಅಂದುಕೊಳ್ಳಿ. ಮೊದಲು ಖಾಲಿ ಬಾರ್‌ನಲ್ಲಿ 10 ರೆಪ್, ಆಮೇಲೆ 30 ಕೆಜಿಗೆ 6, 40ಕ್ಕೆ 3. ಅದಾದ ಮೇಲೆ 50.

ವಾಲ್ಯೂಮ್: ಒಟ್ಟು ಎಷ್ಟು ಕೆಲಸ ಆಯಿತು ಅನ್ನುವ ಲೆಕ್ಕ. ಸೆಟ್, ರೆಪ್, ಭಾರ ಮೂರನ್ನೂ ಗುಣಿಸಿದರೆ ಸಿಗುತ್ತದೆ. 40 ಕೆಜಿಯಲ್ಲಿ 3×10 ಮಾಡಿದರೆ 1200 ಕೆಜಿ.

ಸಾಮಾನು

ಬಾರ್‌ಬೆಲ್: ಎರಡೂ ಕೈಯಲ್ಲಿ ಹಿಡಿಯುವ ಉದ್ದದ ಕಬ್ಬಿಣದ ರಾಡ್. ಮಾತಿನಲ್ಲಿ ಬರೀ "ಬಾರ್". ಸ್ಪರ್ಧೆಯ ಅಳತೆಯ ಪುರುಷರ ಬಾರ್ 20 ಕೆಜಿ, ಮಹಿಳೆಯರದ್ದು 15 ಕೆಜಿ. ಬಾರ್‌ನ ತೂಕವನ್ನೂ ಸೇರಿಸಿಯೇ ಲೆಕ್ಕ ಹೇಳಬೇಕು. 20 ಕೆಜಿ ಬಾರ್‌ಗೆ ಎರಡೂ ಬದಿ ಹತ್ತತ್ತು ಕೆಜಿ ಹಾಕಿದರೆ ನೀವು ಎತ್ತುತ್ತಿರುವುದು 40, 20 ಅಲ್ಲ. ಎಲ್ಲ ಬಾರ್‌ಗಳೂ ಈ ಅಳತೆಯವಲ್ಲ. ಗಿಡ್ಡ ಬಾರ್, ಬಾಗಿದ ಇ-ಜೆಡ್ ಬಾರ್ ಇನ್ನೂ ಹಗುರ.

ಪ್ಲೇಟ್: ಬಾರ್‌ಗೆ ಹಾಕುವ ಗುಂಡನೆಯ ಭಾರ. ಸ್ಪರ್ಧೆಯಲ್ಲಿ ಬಣ್ಣ ನೋಡಿದರೇ ತೂಕ ಗೊತ್ತಾಗುತ್ತದೆ: ಕೆಂಪು 25 ಕೆಜಿ, ನೀಲಿ 20, ಹಳದಿ 15, ಹಸಿರು 10. ಜಿಮ್‌ಗಳಲ್ಲಿ ಬಣ್ಣ ಹೇಗಾದರೂ ಇರಬಹುದು, ಆದ್ದರಿಂದ ಮೇಲೆ ಕೊರೆದಿರುವ ಅಂಕಿಯನ್ನೇ ನಂಬಿ. ಅದು ಕೆಜಿಯೋ ಪೌಂಡೋ ಅಂತಲೂ ನೋಡಿ. 45 ಪೌಂಡ್ ಅಂದರೆ ಹೆಚ್ಚುಕಮ್ಮಿ 20 ಕೆಜಿ.

ಬಂಪರ್ ಪ್ಲೇಟ್: ರಬ್ಬರಿನ ಪ್ಲೇಟ್. ಮೇಲಿಂದ ಬಿಟ್ಟರೂ ನೆಲ ಒಡೆಯದಿರಲಿ ಅಂತ ಮಾಡಿದ್ದು. ಕಬ್ಬಿಣದ ಪ್ಲೇಟ್‌ಗೆ ಈ ಸವಲತ್ತು ಇಲ್ಲ.

ಕಾಲರ್: ಪ್ಲೇಟ್ ಜಾರದಂತೆ ಬಾರ್‌ನ ತುದಿಗೆ ಹಾಕುವ ಕ್ಲಿಪ್.

ಡಂಬೆಲ್: ಒಂದು ಕೈಯಲ್ಲಿ ಹಿಡಿಯುವ ಭಾರ. ಚೀಟಿಯಲ್ಲಿ "ಡಂಬೆಲ್ ಪ್ರೆಸ್ 10 ಕೆಜಿ" ಅಂದರೆ ಒಂದೊಂದು ಕೈಗೂ 10.

ಕೆಟಲ್‌ಬೆಲ್: ಮೇಲೆ ಹಿಡಿ ಇರುವ ಗುಂಡು. ಬೀಸಿ ಮಾಡುವ ವ್ಯಾಯಾಮಗಳಿಗೆ ಅನುಕೂಲ.

ರ್‍ಯಾಕ್, ಸೇಫ್ಟಿ ಬಾರ್: ಬಾರ್ ಇಡುವ ಕಬ್ಬಿಣದ ಚೌಕಟ್ಟು ರ್‍ಯಾಕ್. ಅದರ ಎರಡೂ ಕಡೆ ಅಡ್ಡಲಾಗಿ ಇರುವ ಸರಳುಗಳು ಸೇಫ್ಟಿ ಬಾರ್. ನೀವು ಏಳಲಾಗದಿದ್ದಾಗ ಭಾರವನ್ನು ಅವು ಹೊರುತ್ತವೆ. ಸ್ಕ್ವಾಟ್‌ನಲ್ಲಿ ನೀವು ಇಳಿಯುವ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಅವನ್ನು ಹೊಂದಿಸಿ. ಒಬ್ಬರೇ ಇದ್ದಾಗ ಇದನ್ನು ಬಿಟ್ಟು ಭಾರ ಎತ್ತಲೇಬೇಡಿ.

ಸ್ಮಿತ್ ಮೆಷಿನ್: ಬಾರ್ ಕಂಬಿಗಳ ಮೇಲೆ ಮೇಲಕ್ಕೂ ಕೆಳಕ್ಕೂ ಮಾತ್ರ ಜಾರುವ ಮೆಷಿನ್. ಬಾರ್ ಓಲಾಡದಂತೆ ಹಿಡಿಯುವ ಕೆಲಸ ನಿಮಗೆ ಇರುವುದಿಲ್ಲ. ಇಲ್ಲಿ 60 ಕೆಜಿ ಎತ್ತಿದಿರಿ ಅಂತ ಹೊರಗಿನ ಬಾರ್‌ನಲ್ಲೂ 60 ಹಾಕಿಕೊಂಡರೆ ಕಷ್ಟ.

ಕೇಬಲ್ ಮೆಷಿನ್: ರಾಟೆಯ ಮೂಲಕ ಹಗ್ಗ ಎಳೆದು ಭಾರ ಎತ್ತುವ ಮೆಷಿನ್. ರಾಟೆಗಳ ಜೋಡಣೆ ಬೇರೆ ಬೇರೆ ಇರುವುದರಿಂದ ಒಂದು ಮೆಷಿನ್‌ನ 20 ಇನ್ನೊಂದರ 20ಕ್ಕೆ ಸಮ ಅಲ್ಲ. ಡೈರಿಯಲ್ಲಿ ಯಾವ ಮೆಷಿನ್ ಅಂತಲೂ ಬರೆದುಕೊಳ್ಳಿ.

ವ್ಯಾಯಾಮಗಳು

ಕಾಂಪೌಂಡ್, ಐಸೊಲೇಶನ್: ಒಂದಕ್ಕಿಂತ ಹೆಚ್ಚು ಕೀಲು ಬಾಗುವ ವ್ಯಾಯಾಮ ಕಾಂಪೌಂಡ್. ಸ್ಕ್ವಾಟ್‌ನಲ್ಲಿ ಸೊಂಟ, ಮಂಡಿ, ಹಿಮ್ಮಡಿಯ ಕೀಲು ಮೂರೂ ಬಾಗುತ್ತವೆ. ಒಂದೇ ಕೀಲು ಬಾಗಿದರೆ ಐಸೊಲೇಶನ್, ಉದಾಹರಣೆಗೆ ಬೈಸೆಪ್ಸ್ ಕರ್ಲ್. ಹೊಸಬರು ಮೊದಲು ಕಾಂಪೌಂಡ್ ಮಾಡಿ, ಶಕ್ತಿ ಉಳಿದರೆ ಐಸೊಲೇಶನ್. ಬಹಳ ಜನ ಕನ್ನಡಿ ಮುಂದೆ ನಿಂತು ಇದನ್ನು ಉಲ್ಟಾ ಮಾಡುತ್ತಾರೆ.

ಸ್ಕ್ವಾಟ್: ಬಾರ್ ಬೆನ್ನ ಮೇಲ್ಭಾಗದಲ್ಲಿಟ್ಟು ಕೂತು ಏಳುವುದು. ಬಾರ್ ಕೂರಬೇಕಾದದ್ದು ಭುಜದ ಸ್ನಾಯುವಿನ ಮೇಲೆ, ಕುತ್ತಿಗೆಯ ಮೂಳೆಯ ಮೇಲಲ್ಲ.

ಬೆಂಚ್ ಪ್ರೆಸ್: ಬೆಂಚ್ ಮೇಲೆ ಮಲಗಿ ಬಾರನ್ನು ಎದೆಗೆ ಇಳಿಸಿ ಮೇಲೆ ತಳ್ಳುವುದು. ಹೆಬ್ಬೆರಳು ಬಾರ್ ಸುತ್ತಲೇ ಇರಲಿ. ಬಿಟ್ಟು ಹಿಡಿದರೆ ಬಾರ್ ಕೈಜಾರಿ ಎದೆ ಮೇಲೆ ಬೀಳಬಹುದು.

ಡೆಡ್‌ಲಿಫ್ಟ್: ನೆಲದಲ್ಲಿರುವ ಬಾರನ್ನು ಹಿಡಿದು ನೆಟ್ಟಗೆ ನಿಲ್ಲುವುದು. ಬಾರ್ ಕಾಲಿಗೆ ಹತ್ತಿಕೊಂಡೇ ಮೇಲೆ ಬರಬೇಕು, ನಡು ಗೂನಾಗಬಾರದು. ದೊಡ್ಡ ಪ್ಲೇಟ್‌ನ ಅಡ್ಡಳತೆ 450 ಮಿ.ಮೀ., ಹಾಗಾಗಿ ಬಾರ್ ನೆಲದಿಂದ ಸುಮಾರು 22 ಸೆಂ.ಮೀ. ಎತ್ತರದಲ್ಲಿ ಇರುತ್ತದೆ. ಚಿಕ್ಕ ಪ್ಲೇಟ್ ಹಾಕಿದರೆ ಬಾರ್ ಇನ್ನೂ ಕೆಳಗಿಳಿದು ಬೆನ್ನು ಬಾಗುತ್ತದೆ. ಆಗ ಪ್ಲೇಟ್ ಕೆಳಗೆ ಹಲಗೆ ಇಟ್ಟು ಎತ್ತರಿಸಿಕೊಳ್ಳಿ.

ಪವರ್‌ಲಿಫ್ಟಿಂಗ್, ವೇಟ್‌ಲಿಫ್ಟಿಂಗ್: ಎರಡೂ ಬೇರೆ ಕ್ರೀಡೆಗಳು. ಮೇಲಿನ ಮೂರು ಲಿಫ್ಟ್‌ಗಳು ಪವರ್‌ಲಿಫ್ಟಿಂಗ್‌ನವು. ಒಲಿಂಪಿಕ್ಸ್‌ನಲ್ಲಿ ಇರುವುದು ವೇಟ್‌ಲಿಫ್ಟಿಂಗ್, ಅದರಲ್ಲಿ ಎರಡೇ ಲಿಫ್ಟ್. ನೆಲದಿಂದ ಒಂದೇ ಎಳೆತಕ್ಕೆ ತಲೆ ಮೇಲೆ ಹೋದರೆ ಸ್ನ್ಯಾಚ್. ಮೊದಲು ಭುಜಕ್ಕೆ ತಂದು ಆಮೇಲೆ ತಲೆ ಮೇಲೆ ತಳ್ಳಿದರೆ ಕ್ಲೀನ್ ಅಂಡ್ ಜರ್ಕ್. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ವೇಟ್‌ಲಿಫ್ಟಿಂಗ್ ಶುರುವಾಗಿದ್ದು 2000ದಲ್ಲಿ. ಇವೆರಡನ್ನೂ ವಿಡಿಯೊ ನೋಡಿ ಸುಮ್ನೆ ಪ್ರಯತ್ನಿಸಬೇಡಿ, ಕಲಿಸುವವರು ಎದುರಿಗೆ ಇರಲಿ.

ಮಾಡುವ ರೀತಿ

ಫಾರ್ಮ್: ವ್ಯಾಯಾಮ ಮಾಡುವಾಗ ಮೈ ಇರಬೇಕಾದ ಭಂಗಿ, ಚಲನೆ. "ಫಾರ್ಮ್ ಹೋಯ್ತು" ಅಂತ ಯಾರಾದರೂ ಕೂಗಿದರೆ ಸೆಟ್ ಅಲ್ಲಿಗೇ ನಿಲ್ಲಿಸಿ, ಭಾರ ಇಳಿಸಿ.

ಫುಲ್ ರೇಂಜ್: ಕೀಲು ಎಷ್ಟು ದೂರ ಹೋಗಬಲ್ಲದೋ ಅಷ್ಟೂ ಚಲಿಸುವುದು. ಪುಲ್-ಅಪ್‌ನಲ್ಲಿ ಕೈ ಪೂರ್ತಿ ನೀಡಿದ ಜಾಗದಿಂದ ಗದ್ದ ಬಾರ್ ದಾಟುವವರೆಗೆ.

ನೆಗೆಟಿವ್: ಭಾರ ಇಳಿಸುವ ಹಂತ. ಎತ್ತುವಾಗ ಇರುವ ಶ್ರದ್ಧೆ ಇಳಿಸುವಾಗಲೂ ಬೇಕು, ಸ್ನಾಯು ಆಗಲೂ ಕೆಲಸ ಮಾಡುತ್ತಿರುತ್ತದೆ. ಕರ್ಲ್‌ನಲ್ಲಿ ಡಂಬೆಲ್ ಇಳಿಸಲು 2–3 ಸೆಕೆಂಡ್ ತೆಗೆದುಕೊಂಡು ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಬ್ರೇಸಿಂಗ್: ಉಸಿರು ತುಂಬಿಕೊಂಡು, ಹೊಟ್ಟೆಗೆ ಯಾರೋ ಗುದ್ದಲು ಬಂದಂತೆ ಸುತ್ತ ಬಿಗಿ ಮಾಡುವುದು. ಬೆನ್ನುಮೂಳೆಗೆ ಇದೇ ಆಸರೆ. ಉಸಿರು ಹಿಡಿದಾಗ ರಕ್ತದೊತ್ತಡ ಏರುತ್ತದೆ. ಬಿಪಿ ಅಥವಾ ಹೃದಯದ ತೊಂದರೆ ಇರುವವರು ಮೊದಲೇ ಡಾಕ್ಟರನ್ನು ಕೇಳಿ, ನಮಗೂ ತಿಳಿಸಿ.

ಸ್ಪಾಟರ್: ಭಾರ ಎತ್ತುವವರ ಹಿಂದೆ ಕಾವಲು ನಿಲ್ಲುವವರು. ಎಷ್ಟು ರೆಪ್ ಮಾಡುತ್ತೀರಿ ಅಂತ ಅವರಿಗೆ ಮೊದಲೇ ಹೇಳಿ. ನೀವೇ ಸ್ಪಾಟರ್ ಆದರೆ ಬಾರ್ ನಿಂತುಹೋಗುವ ತನಕ ಮುಟ್ಟಬೇಡಿ. ನಿಂತ ಕೂಡಲೇ ಎರಡೂ ಕೈ ಹಾಕಿ. ಪ್ರತಿ ರೆಪ್‌ಗೂ ನೀವೇ ಎಳೆದುಕೊಟ್ಟು "ಸೂಪರ್, ಇನ್ನೊಂದು!" ಅಂದರೆ ಇಬ್ಬರಲ್ಲಿ ಯಾರು ಎತ್ತಿದ್ದು ಅಂತ ತಿಳಿಯುವುದಿಲ್ಲ.

ಫೇಲ್ಯೂರ್: ಸರಿಯಾದ ಫಾರ್ಮ್‌ನಲ್ಲಿ ಇನ್ನೊಂದು ರೆಪ್ ಆಗುವುದೇ ಇಲ್ಲ ಅನ್ನುವ ಹಂತ. ಹೊಸಬರಿಗೆ ಸ್ಕ್ವಾಟ್, ಡೆಡ್‌ಲಿಫ್ಟ್‌ನಲ್ಲಿ ಇದು ಬೇಡ.

ಆರ್‌ಐಆರ್, ಆರ್‌ಪಿಇ: ಸೆಟ್ ಮುಗಿದಾಗ ಇನ್ನೂ ಎಷ್ಟು ರೆಪ್ ಉಳಿದಿತ್ತು ಅನ್ನುವ ಅಂದಾಜು ಆರ್‌ಐಆರ್. ಎಷ್ಟು ಕಷ್ಟವಾಯಿತು ಅಂತ ಹತ್ತಕ್ಕೆ ಕೊಡುವ ಅಂಕ ಆರ್‌ಪಿಇ. 10 ರೆಪ್ ಮಾಡಿದಿರಿ, ಇನ್ನೆರಡು ಆಗುತ್ತಿತ್ತು ಅನಿಸಿದರೆ ಆರ್‌ಐಆರ್ 2, ಆರ್‌ಪಿಇ 8. ಮೊದಮೊದಲು ಈ ಅಂದಾಜು ತಪ್ಪುತ್ತದೆ, ಸಾಮಾನ್ಯವಾಗಿ ಉಳಿದಿರುವುದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ.

ಸೂಪರ್‌ಸೆಟ್: ಎರಡು ವ್ಯಾಯಾಮಗಳನ್ನು ಬಿಡುವಿಲ್ಲದೆ ಒಂದರ ಹಿಂದೆ ಒಂದು ಮಾಡುವುದು. ಬೈಸೆಪ್ಸ್ ಕರ್ಲ್ ಮುಗಿಸಿ ತಕ್ಷಣ ಟ್ರೈಸೆಪ್ಸ್ ಪುಶ್‌ಡೌನ್.

ಡ್ರಾಪ್ ಸೆಟ್: ಕೈ ಸೋತಾಗ ನಿಲ್ಲಿಸದೆ ಭಾರ ಇಳಿಸಿ ಮುಂದುವರಿಸುವುದು. 12 ಕೆಜಿ ಡಂಬೆಲ್ ಇಟ್ಟು 8, ಆಮೇಲೆ 5.

ತಿಂಗಳುಗಳ ಲೆಕ್ಕ

ಪ್ರೊಗ್ರೆಸಿವ್ ಓವರ್‌ಲೋಡ್: ಈ ಪಟ್ಟಿಯಲ್ಲಿ ಒಂದೇ ಒಂದು ಪದ ನೆನಪಿಡುತ್ತೀರಿ ಅಂದರೆ ಇದನ್ನು ಇಡಿ. ದೇಹ ಹೊರೆಗೆ ಒಗ್ಗಿಕೊಳ್ಳುತ್ತದೆ. ಒಗ್ಗಿದ ಮೇಲೂ ಅಷ್ಟೇ ಹೊರೆ ಕೊಟ್ಟರೆ ಬೆಳೆಯಲು ಅದಕ್ಕೆ ಕಾರಣ ಉಳಿಯುವುದಿಲ್ಲ. ಅದಕ್ಕೇ ಹೊರೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಸುಲಭದ ದಾರಿ ಹೀಗಿದೆ: 30 ಕೆಜಿಯಲ್ಲಿ 3×8ರಿಂದ ಶುರು ಮಾಡಿ. ವಾರ ಕಳೆದಂತೆ ರೆಪ್ ಏರಿಸಿ ಮೂರೂ ಸೆಟ್‌ಗಳಲ್ಲಿ 12 ಮುಟ್ಟಿ. ಮುಟ್ಟಿದ ಮೇಲೆ ಎರಡೂ ಬದಿ 1.25 ಕೆಜಿ ಪ್ಲೇಟ್ ಹಾಕಿ 32.5ಕ್ಕೆ ಹೋಗಿ ಮತ್ತೆ 8ರಿಂದ. ಇದಕ್ಕೆ ಡೈರಿ ಬೇಕೇ ಬೇಕು. ಹೋದ ವಾರ ಎಷ್ಟು ಎತ್ತಿದ್ದೆ ಅಂತ ಗೊತ್ತಿಲ್ಲದಿದ್ದರೆ ಈ ವಾರ ಏರಿಸುವುದು ಯಾವುದಕ್ಕೆ?

ಒನ್ ರೆಪ್ ಮ್ಯಾಕ್ಸ್: ಒಂದೇ ಒಂದು ಸಲ ಎತ್ತಬಹುದಾದ ಅತಿ ಹೆಚ್ಚು ಭಾರ. ಹೊಸಬರು ಇದನ್ನು ಎತ್ತಿ ನೋಡಬೇಕಿಲ್ಲ, ಲೆಕ್ಕ ಹಾಕಿದರೆ ಸಾಕು. ಎಪ್ಲಿ ಸೂತ್ರದ ಪ್ರಕಾರ ರೆಪ್‌ಗಳನ್ನು 30ರಿಂದ ಭಾಗಿಸಿ, 1 ಕೂಡಿಸಿ, ಎತ್ತಿದ ಭಾರದಿಂದ ಗುಣಿಸಿ. 60 ಕೆಜಿಯನ್ನು 8 ಸಲ ಎತ್ತಿದ್ದರೆ 60 × (1 + 8/30) = 76 ಕೆಜಿ. ಅಂದಾಜು ಮಾತ್ರ. ರೆಪ್ ಹತ್ತು ದಾಟಿದರೆ ಲೆಕ್ಕ ಸಡಿಲವಾಗುತ್ತದೆ.

ಪಿಆರ್: ನಿಮ್ಮದೇ ಹಳೆಯ ದಾಖಲೆ ಮುರಿಯುವುದು. ಪಕ್ಕದವರದ್ದಲ್ಲ.

ಸ್ಪ್ಲಿಟ್: ಯಾವ ದಿನ ಮೈಯ ಯಾವ ಭಾಗ ಅನ್ನುವ ಹಂಚಿಕೆ. ಪುಶ್-ಪುಲ್-ಲೆಗ್ಸ್‌ನಲ್ಲಿ ಒಂದು ದಿನ ತಳ್ಳುವ, ಒಂದು ದಿನ ಎಳೆಯುವ, ಒಂದು ದಿನ ಕಾಲಿನ ವ್ಯಾಯಾಮ. ವಾರಕ್ಕೆ ಮೂರೇ ದಿನ ಬರುವವರಿಗೆ ಪ್ರತಿ ಸಲವೂ ಇಡೀ ಮೈ ದುಡಿಸುವ ಫುಲ್ ಬಾಡಿ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಹೈಪರ್ಟ್ರೊಫಿ: ಸ್ನಾಯು ದಪ್ಪವಾಗುವುದು.

ಬಲ್ಕಿಂಗ್, ಕಟಿಂಗ್: ಮೈ ತುಂಬಿಸಿಕೊಳ್ಳಲು ಖರ್ಚಿಗಿಂತ ಜಾಸ್ತಿ ಕ್ಯಾಲೊರಿ ತಿನ್ನುವ ಅವಧಿ ಬಲ್ಕಿಂಗ್. ಕೊಬ್ಬು ಇಳಿಸಲು ಕಮ್ಮಿ ತಿನ್ನುವ ಅವಧಿ ಕಟಿಂಗ್. ಹೊಸಬರಿಗೆ ಈ ಎರಡರ ಗೊಡವೆ ಈಗಲೇ ಬೇಡ.

ಪ್ಲಾಟೊ, ಡಿಲೋಡ್: ವಾರಗಟ್ಟಲೆ ಭಾರವೂ ರೆಪ್ಪೂ ಏರದೆ ನಿಂತರೆ ಪ್ಲಾಟೊ. ದೇಹಕ್ಕೆ ಚೇತರಿಸಿಕೊಳ್ಳಲು ಒಂದು ವಾರ ಬೇಕೆಂದೇ ಕಮ್ಮಿ ಮಾಡಿದರೆ ಡಿಲೋಡ್, ಉದಾಹರಣೆಗೆ ಮೂರು ಸೆಟ್ ಇದ್ದಲ್ಲಿ ಎರಡು. ಜಿಮ್ ತಪ್ಪಿಸಿ ಮನೆಯಲ್ಲಿ ಮಲಗಿದ್ದಕ್ಕೆ ಈ ಹೆಸರು ಕೊಡುವವರೂ ಇದ್ದಾರೆ!

ಡಾಮ್ಸ್: ಹೊಸ ವ್ಯಾಯಾಮದ ಮಾರನೇ ದಿನ ಬರುವ ಮೈಕೈ ನೋವು. 24ರಿಂದ 72 ಗಂಟೆಯೊಳಗೆ ಜೋರಾಗಿದ್ದು ತಾನೇ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ನಿಂತಿದೆ ಅನ್ನುವುದು ಹಳೆಯ ನಂಬಿಕೆ. ಅದು ವ್ಯಾಯಾಮ ಮುಗಿದು ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ. ನೋವು ಬಂದರೆ ಮಾತ್ರ ಫಲ ಅಂತಲೂ ಇಲ್ಲ. ಆದರೆ ಎತ್ತುವಾಗಲೇ ಚುಚ್ಚಿದಂತೆ ಬರುವ ನೋವು, ಕೀಲಿನ ನೋವು ಡಾಮ್ಸ್ ಅಲ್ಲ, ಆಗ ನಿಲ್ಲಿಸಿ. ಮೈಕೈ ಊದಿ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ರೀರ್‍ಯಾಕ್: ಬಳಸಿದ ಪ್ಲೇಟ್, ಡಂಬೆಲ್‌ಗಳನ್ನು ಅವುಗಳ ಜಾಗಕ್ಕೆ ವಾಪಸ್ ಇಡುವುದು. 20 ಕೆಜಿಯ ಆರು ಪ್ಲೇಟ್ ಲೆಗ್ ಪ್ರೆಸ್ ಮೇಲೇ ಬಿಟ್ಟು ಹೋಗುವವರು ಈ ಪದವನ್ನು ಎರಡು ಸಲ ಓದಬೇಕು.